ಟಕ್ ಅಂತ ಕುಂತೈತ್ರಿ ಸರ

ಸೋಮವಾರದಿಂದ ಒಂದೇ ಮಾತು ಕಿವಿಯಲ್ಲಿ ಗುಂಯ್ಗುಡುತ್ತಿದೆ. "ಟಕ್ ಅಂತ ಕುಂತೈತ್ರಿ ಸರ. ಕುಂತಿಲ್ಲಂದ್ರ ನಾ ಯಾಕ ಹಾಕ್ತಿದ್ನಿರಿ?" ಆ ಹುಡುಗ ಇದನ್ನು ಮೂರು ಸಲ ಹೇಳಿದ. ಮೂರನೆಯ ಸಲಕ್ಕೆ ಅವನ ಗಂಟಲು ಕಟ್ಟಿತ್ತು.

ಮುಧೋಳದ ಕಡೆ ಒಂದು ಸಕ್ಕರೆ ಕಾರ್ಖಾನೆ. ಗೇಟಿನ ಹತ್ತಿರ ಕಬ್ಬು ತೂಗುವ ಕಾಟಾ, ಅಲ್ಲಿಂದ ಸುಮಾರು 600 ಮೀಟರ್ ಒಳಗೆ ಆಫೀಸು. ಸರ್ವರ್ ಇರುವುದು ಆಫೀಸಿನಲ್ಲಿ. ಎರಡರ ನಡುವೆ ನೆಲದಲ್ಲಿ ಹೂತ ಫೈಬರ್ ಇದೆ. ಲಿಂಕ್ ಹೋಯಿತೆಂದರೆ ತೂಕದ ಚೀಟಿ ಬರುವುದಿಲ್ಲ, ಚೀಟಿ ಇಲ್ಲದೆ ಟ್ರ್ಯಾಕ್ಟರ್ ಮುಂದೆ ಹೋಗುವ ಹಾಗಿಲ್ಲ. ನಾಲ್ಕು ದಿನದಿಂದ ಹೀಗೇ ನಡೆದಿತ್ತು: ಬೆಳಿಗ್ಗೆ ಸರಿ ಇರುತ್ತದೆ, ಹನ್ನೊಂದರ ಮೇಲೆ ಬಿಸಿಲೇರಿದಂತೆ ಬಿದ್ದು ಬಿದ್ದು ಏಳುತ್ತದೆ, ಎರಡು ಗಂಟೆಗೆ ಪೂರ್ತಿ ಮಲಗುತ್ತದೆ. ಕಾಟಾದ ಕಡೆಯ ಸ್ವಿಚ್‌ನಲ್ಲಿ ಕೂತು ಬೆಳಕು ಕಳಿಸುವ, ಹಿಡಿಯುವ ಪುಟ್ಟ ಭಾಗವಾದ ಎಸ್‌ಎಫ್‌ಪಿಯನ್ನು ಎರಡು ಸಲ ಹೊಸದು ಹಾಕಿಸಿದ್ದರು. ಏನೂ ಬದಲಾಗಿರಲಿಲ್ಲ.

ನಾನು ಬಾಗಲಕೋಟೆಯಿಂದ ಹೋಗಿ ಇಳಿದಾಗ ರಸ್ತೆಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರ್‌ಗಳ ಸಾಲು. ಒಬ್ಬ ಯಜಮಾನರು ಟ್ರೇಲರಿನ ನೆರಳಿಗೆ ಟವೆಲ್ ಹಾಸಿಕೊಂಡು ಕೂತಿದ್ದರು. ನನ್ನ ಬ್ಯಾಗು ನೋಡಿ ಕೇಳಿದರು: "ನೀವ ಏನ್ರಿ ಮಷಿನ್ ರಿಪೇರಿ ಮಾಡಾವ್ರು? ಕಡದ ಕಬ್ಬ ನಿಂತಷ್ಟೂ ಒಣಗ್ತೈತ್ರಿ, ತೂಕ ಇಳಿತೈತಿ. ಆ ತೂಕದ ರೊಕ್ಕ ಯಾರ ಕೊಡ್ತಾರ್ರಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ನೆಟ್‌ವರ್ಕ್ ಕೆಲಸದಲ್ಲಿ ಹದಿನಾಲ್ಕು ವರ್ಷ ಆಯಿತು, ಲಿಂಕ್ ಬಿದ್ದರೆ ನಷ್ಟ ಯಾರ ಮೈಮೇಲೆ ಬೀಳುತ್ತದೆ ಎಂಬುದು ಅಷ್ಟು ಹತ್ತಿರದಿಂದ ಕಂಡದ್ದು ಕಡಿಮೆ.

ಮೊದಲು ಕಾಟಾದ ಸ್ವಿಚ್‌ಗೆ ಲ್ಯಾಪ್‌ಟಾಪ್ ಹಚ್ಚಿದೆ. ಎಸ್‌ಎಫ್‌ಪಿ ತಾನು ಎಷ್ಟು ಬೆಳಕು ಕಳಿಸುತ್ತಿದ್ದೇನೆ, ತನಗೆ ಎಷ್ಟು ಬರುತ್ತಿದೆ ಎಂದು ತಾನೇ ಹೇಳುತ್ತದೆ. ಕೇಳಬೇಕಷ್ಟೆ:

```
show interfaces transceiver detail
```

ಕಳಿಸುತ್ತಿರುವುದು −6.1 ಡಿಬಿಎಂ. ಬರುತ್ತಿರುವುದು −21.4. ಡಿಬಿಎಂ ಎಂದರೆ ಬೆಳಕಿನ ಬಲದ ಅಳತೆ, ಸೊನ್ನೆಯಿಂದ ಕೆಳಗೆ ಹೋದಷ್ಟೂ ಬೆಳಕು ಕಡಿಮೆ. ಸಿಂಗಲ್ ಮೋಡ್‌ನ ಈ ಎಲ್‌ಎಕ್ಸ್ ಎಸ್‌ಎಫ್‌ಪಿಗೆ −19, −20ರ ಕೆಳಗೆ ಹೋದರೆ ಕಣ್ಣು ಕಾಣುವುದಿಲ್ಲ. ಅಂದರೆ ಲಿಂಕ್ ಬೀಳಲೇಬೇಕು. ಹಿಂದೆ ಬಂದವರೂ ಇದೇ ಅಂಕಿ ನೋಡಿ, ಕಾಟಾದ ಎಸ್‌ಎಫ್‌ಪಿಗೆ ಬೆಳಕು ಹಿಡಿಯಲು ಬರುತ್ತಿಲ್ಲ ಎಂದು ಅದನ್ನೇ ಬದಲಿಸಿದ್ದರು. ಕಡಿಮೆ ಬೆಳಕು ಬರುತ್ತಿದೆ ಎಂದರೆ ಅದನ್ನು ಕಳಿಸುವ ದಾರಿಯನ್ನು ಹುಡುಕಬೇಕಿತ್ತು. ಆಫೀಸಿನ ಕಡೆಯ ಅಂಕಿಯನ್ನು ಯಾರೂ ನೋಡಿರಲಿಲ್ಲ.

ಆಫೀಸಿನ ರ‍್ಯಾಕಿನಲ್ಲಿ ನೋಡಿದೆ. ಕಳಿಸುತ್ತಿರುವುದು −5.9, ಬರುತ್ತಿರುವುದು −7.5. ಕಾಟಾದಿಂದ ಆಫೀಸಿಗೆ ಬರುವಾಗ ಬರೀ 1.4 ಡಿಬಿ ಕಳೆಯುತ್ತಿದೆ. 600 ಮೀಟರ್ ಗಾಜು ತಿನ್ನುವುದು 0.2ರಷ್ಟು, ಉಳಿದದ್ದು ಕನೆಕ್ಟರ್‌ಗಳ ಲೆಕ್ಕ. ಆರೋಗ್ಯವಂತ ಲಿಂಕ್ ಹೀಗೇ ಇರಬೇಕು. ಆಫೀಸಿನಿಂದ ಕಾಟಾಕ್ಕೆ ಹೋಗುವಾಗ ಮಾತ್ರ 15.5 ಡಿಬಿ ನಷ್ಟ. ಹತ್ತು ಡಿಬಿ ಅಂದರೆ ಹತ್ತರಲ್ಲಿ ಒಂದು ಪಾಲು ಉಳಿಯಿತು ಎಂದರ್ಥ. ಹದಿನೈದೂವರೆ ಎಂದರೆ ಮೂವತ್ತೈದರಲ್ಲಿ ಒಂದು ಪಾಲು.

ಒಂದು ದಿಕ್ಕು ಚೊಕ್ಕ, ಇನ್ನೊಂದು ದಿಕ್ಕು ಹಾಳು. ನೆಲದಲ್ಲಿ ಒಂದು ಎಳೆ ಎಲ್ಲೋ ಮಡಚಿದ್ದರೂ ಹೀಗೆ ಆಗಬಹುದು. ಅದನ್ನು ತಿಳಿಯಲು ಎರಡೂ ಕಡೆಯ ಫೈಬರ್ ಪೆಟ್ಟಿಗೆಯಲ್ಲಿ ಎರಡು ಎಳೆಗಳನ್ನು ಅದಲು ಬದಲು ಮಾಡಿದೆ. ಎಳೆಯಲ್ಲಿ ದೋಷ ಇದ್ದರೆ ನಷ್ಟ ಈಗ ಎದುರು ದಿಕ್ಕಿಗೆ ಹೋಗಬೇಕು. ಹೋಗಲಿಲ್ಲ. ನಷ್ಟ ಆಫೀಸಿನಿಂದ ಹೊರಡುವ ದಿಕ್ಕಿನಲ್ಲೇ ಉಳಿಯಿತು. ಹಾಗಾದರೆ ನೆಲದ ಕೇಬಲ್ ತಪ್ಪು ಮಾಡಿಲ್ಲ. ಇನ್ನು ಮೊದಲು ನೋಡಬೇಕಾದದ್ದು ಆಫೀಸಿನ ಎಸ್‌ಎಫ್‌ಪಿ, ಅದರಿಂದ ಫೈಬರ್ ಪೆಟ್ಟಿಗೆಗೆ ಹೋಗುವ ಮೂರು ಮೀಟರಿನ ಪ್ಯಾಚ್ ಕಾರ್ಡ್.

ಕಾರ್ಖಾನೆಯಲ್ಲಿ ಕಬ್ಬಿನ ಸಿಪ್ಪೆಯ ಧೂಳು ಎಲ್ಲೆಲ್ಲೂ ಹಾರುತ್ತದೆ. ರ‍್ಯಾಕಿನಲ್ಲಿದ್ದ ವಯರುಗಳೆಲ್ಲ ಬೆಲ್ಲದ ಬಣ್ಣಕ್ಕೆ ತಿರುಗಿದ್ದವು. ಬೆರಳಿಂದ ಆ ಕಾರ್ಡನ್ನು ಸ್ವಲ್ಪ ಎತ್ತಿದೆ, ಕಾಟಾದಲ್ಲಿ ನಿಂತವರಿಗೆ ಫೋನಿನಲ್ಲಿ ಅಂಕಿ ಓದಲು ಹೇಳಿದೆ. −18.2. ಬಿಟ್ಟೆ. −20.7. ಮತ್ತೆ ಎತ್ತಿದೆ. −17.9. ಆಗ ಬಟ್ಟೆ ತಗೊಂಡು ಒಂದು ಗೇಣು ಉದ್ದ ಒರೆಸಿದೆ. ಧೂಳಿನ ಕೆಳಗಿಂದ ಕಿತ್ತಳೆ ಬಣ್ಣ ಬಂತು. ಇನ್ನೊಂದು ಗೇಣು ಒರೆಸಿದೆ. ಸಣ್ಣ ಅಕ್ಷರದಲ್ಲಿ 50/125 ಎಂದು ಅಚ್ಚಾಗಿತ್ತು.

"ಇದನ್ನ ಯಾರು ಹಾಕಿದ್ರು?" ಅಂದೆ. ನಾನು ಬರೀ ಕೇಳಿದ್ದು, ಆದರೆ ಮ್ಯಾನೇಜರ್ ಸಾಹೇಬರು ಅದನ್ನು ಆರೋಪವೆಂದೇ ಹಿಡಿದು ಹುಡುಗನನ್ನು ಕೂಗಿ ಕರೆಸಿದರು. ಇನ್‌ಸ್ಟ್ರುಮೆಂಟ್ ವಿಭಾಗದ ಹೆಲ್ಪರ್, ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು. ಇಲಿ ಹಳೇ ಕಾರ್ಡ್ ಕಡಿದಿತ್ತಂತೆ. ರಾತ್ರಿ ಪಾಳಿಯಲ್ಲಿ ಕೇಳಲು ಯಾರೂ ಇರಲಿಲ್ಲ. ಸ್ಟೋರಿನಲ್ಲಿ ಹುಡುಕಿದ. "ಹಳೇದ ಕೈಯಾಗ ಹಿಡಕೊಂಡ ಹೋಗೀನ್ರಿ. ಸ್ವಿಚ್ ಕಡೆ ಸಣ್ಣ ಎಲ್‌ಸಿ, ಪೆಟಗಿ ಕಡೆ ದೊಡ್ಡ ಎಸ್‌ಸಿ. ಎರಡೂ ತಾಳಿ ನೋಡಿ ತಂದೀನ್ರಿ. ಟಕ್ ಅಂತ ಕುಂತೈತ್ರಿ ಸರ."

ಅವನು ಹೇಳಿದ್ದು ಸುಳ್ಳಲ್ಲ, ಅದೇ ನನ್ನನ್ನು ಕಾಡುತ್ತಿರುವುದು. ಎಲ್‌ಸಿಯ ತುದಿಯ ಬಿಳಿ ಕೊಳವೆ 1.25 ಮಿಲಿಮೀಟರ್, ಎಸ್‌ಸಿಯದು 2.5. ಆ ಕೊಳವೆಯೊಳಗಿನ ಗಾಜಿನ ಎಳೆ ಸಿಂಗಲ್ ಮೋಡ್ ಇರಲಿ, ಮಲ್ಟಿಮೋಡ್ ಇರಲಿ, 125 ಮೈಕ್ರಾನೇ. ಹಾಗಾಗಿ ಕನೆಕ್ಟರ್ ಎರಡಕ್ಕೂ ಒಂದೇ. ವ್ಯತ್ಯಾಸ ಇರುವುದು ಗಾಜಿನ ನಡುವೆ ಬೆಳಕು ಓಡುವ ತಿರುಳಿನಲ್ಲಿ: ಸಿಂಗಲ್ ಮೋಡ್‌ನಲ್ಲಿ 9 ಮೈಕ್ರಾನ್, ಈ ಕಿತ್ತಳೆ ಮಲ್ಟಿಮೋಡ್ ಕಾರ್ಡಿನಲ್ಲಿ 50. ಅದು ಬರಿಗಣ್ಣಿಗೆ ಕಾಣುವುದಲ್ಲ, ಕೈಗೆ ಸಿಗುವುದಲ್ಲ. ಟಕ್ ಎಂಬ ಸದ್ದು ಕನೆಕ್ಟರಿನದು, ತಿರುಳಿನದಲ್ಲ. ಹುಡುಗನಿಗೆ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ಎರಡೂ ಜಾತಿಯ ಕಾರ್ಡುಗಳನ್ನು ಒಂದೇ ಚೀಲದಲ್ಲಿ ತುಂಬಿಟ್ಟು, ಚೀಲದ ಮೇಲೆ ಬರೀ "ಫೈಬರ್" ಎಂದು ಬರೆದವರ ಹೆಸರು ಅವತ್ತು ಒಬ್ಬರ ಬಾಯಲ್ಲೂ ಬರಲಿಲ್ಲ.

ಒಂದೇ ದಿಕ್ಕು ಯಾಕೆ ಕೆಟ್ಟಿತು ಎಂದು ಸಾಹೇಬರು ಕೇಳಿದರು. ಅವರು ಹೊಲ ಇರುವವರು, ಪೈಪಿನ ಮಾತಲ್ಲೇ ಹೇಳಿದೆ. ಅರ್ಧ ಇಂಚಿನ ಪೈಪಿನ ಬಾಯಿಯನ್ನು ಎರಡೂವರೆ ಇಂಚಿನ ಪೈಪಿಗೆ ಹಿಡಿದರೆ ನೀರೆಲ್ಲ ಒಳಗೇ ಬೀಳುತ್ತದೆ. ದೊಡ್ಡ ಪೈಪಿನ ಬಾಯಿಯನ್ನು ಸಣ್ಣದಕ್ಕೆ ಹಿಡಿದರೆ ಬಹುಪಾಲು ಹೊರಗೆ ಚೆಲ್ಲುತ್ತದೆ. ಕಾಟಾದಿಂದ ಬಂದ ಬೆಳಕು ನೆಲದ 9 ಮೈಕ್ರಾನಿನಿಂದ ಈ ಕಾರ್ಡಿನ 50ಕ್ಕೆ ಇಳಿಯುತ್ತದೆ, ನಷ್ಟವಿಲ್ಲ. ಆಫೀಸಿನಿಂದ ಹೊರಟ ಬೆಳಕು ಕಾರ್ಡಿನ 50ರಲ್ಲಿ ಹರಡಿಕೊಂಡು, ನೆಲದ ಕೇಬಲ್ಲಿನ 9ರ ಬಾಯಿಗೆ ಬಂದಾಗ ಚೆಲ್ಲಿಹೋಗುತ್ತದೆ. ಅಗಲವಾದ ತಿರುಳಿನಲ್ಲಿ ಬೆಳಕು ಹತ್ತಾರು ದಾರಿಯಲ್ಲಿ ಸಾಗಿ ತುದಿಯಲ್ಲಿ ಮಚ್ಚೆ ಮಚ್ಚೆಯಾಗಿ ಬೀಳುತ್ತದೆ. ಕಾರ್ಡ್ ಅಲುಗಿದರೆ, ಕಾಯ್ದರೆ ಆ ಮಚ್ಚೆಗಳು ಜಾಗ ಬದಲಿಸುತ್ತವೆ. ಬೆಳಿಗ್ಗೆ ತಂಪಿನಲ್ಲಿ ಸಣ್ಣ ಬಾಯಿಗೆ ಸಾಕಷ್ಟು ಬೆಳಕು ಬೀಳುತ್ತಿತ್ತು, ತಗಡಿನ ಕೆಳಗಿನ ಆ ಕೋಣೆ ಮಧ್ಯಾಹ್ನ ಕಾಯ್ದಾಗ ಬೀಳುತ್ತಿರಲಿಲ್ಲ. ಪೂರ್ತಿ ಸತ್ತಿದ್ದರೆ ಮೊದಲ ರಾತ್ರಿಯೇ ಸಿಗುತ್ತಿತ್ತು. ಅರ್ಧ ಬದುಕಿದ್ದಕ್ಕೆ ನಾಲ್ಕು ದಿನ ಹಿಡಿಯಿತು.

ಇದರ ತಿರುವು ಮುರುವು, ಅಂದರೆ 850 ನ್ಯಾನೋಮೀಟರಿನ ಎಸ್‌ಎಕ್ಸ್ ಎಸ್‌ಎಫ್‌ಪಿ ಇರುವ ಮಲ್ಟಿಮೋಡ್ ಲಿಂಕಿನಲ್ಲಿ ಒಂದು ಹಳದಿ ಸಿಂಗಲ್ ಮೋಡ್ ಕಾರ್ಡ್ ಸೇರಿಕೊಂಡರೆ, ಅಲ್ಲಿ ಎರಡೂ ದಿಕ್ಕು ಹೋಗುತ್ತವೆ. ಹೋಗುವ ಬೆಳಕೂ ಬರುವ ಬೆಳಕೂ ಸಣ್ಣ ಬಾಯಿಗೇ ಬಂದು ಚೆಲ್ಲಬೇಕು. ಹಾಗಾಗಿ ಎರಡೂ ತುದಿಯ ಅಂಕಿ ಒಟ್ಟಿಗೆ ಓದಿದರೆ ಯಾವ ಜಾತಿಯ ತಪ್ಪು ಕಾರ್ಡ್ ಸೇರಿಕೊಂಡಿದೆ ಎಂದು ರ‍್ಯಾಕಿನ ಬಾಗಿಲು ತೆಗೆಯುವ ಮೊದಲೇ ಊಹಿಸಬಹುದು.

ಸಾಹೇಬರ ಮೇಜಿನ ಮೇಲೆ ಇನ್ನೊಂದು ಕೊಟೇಶನ್ ಇತ್ತು. 70 ಕಿಲೋಮೀಟರ್ ಹೊಡೆಯುವ ಎಸ್‌ಎಫ್‌ಪಿ ಹಾಕಿದರೆ ಪವರ್ ಜಾಸ್ತಿ, ಲಿಂಕ್ ನಿಲ್ಲುತ್ತದೆ ಎಂದು ಯಾರೋ ಬರೆದುಕೊಟ್ಟಿದ್ದರು. ನನಗೆ ಸಿಟ್ಟು ಬಂತು. ಆ ಎಸ್‌ಎಫ್‌ಪಿ 0 ಡಿಬಿಎಂಗಿಂತ ಮೇಲೆ ಬೆಳಕು ಕಳಿಸುತ್ತದೆ, −3ಕ್ಕಿಂತ ಹೆಚ್ಚು ಬಂದರೆ ಅದರ ಕಣ್ಣೇ ಕುಕ್ಕುತ್ತದೆ. ಚೊಕ್ಕ ಇರುವ ದಿಕ್ಕಿನಲ್ಲಿ ನಷ್ಟವೇ ಇಲ್ಲವಲ್ಲ, ಅತ್ತ ಬೆಳಕು ಹೆಚ್ಚಾಗಿ ಲಿಂಕ್ ಹೋಗುತ್ತಿತ್ತು, ರಿಸೀವರ್ ಸುಟ್ಟರೂ ಸುಟ್ಟೀತು. ಸಾವಿರಾರು ರೂಪಾಯಿ ಖರ್ಚು ಬರೆಯುವ ಮೊದಲು ಮೂರು ಮೀಟರ್ ವಯರನ್ನು ಒಮ್ಮೆ ಒರೆಸಿ ನೋಡಬೇಕಿತ್ತು.

ನನ್ನ ಬ್ಯಾಗಿನಲ್ಲಿ ಹಳದಿ ಕಾರ್ಡ್ ಇತ್ತು, ಎಲ್‌ಸಿ-ಎಸ್‌ಸಿ, 9/125. ತುದಿಗಳನ್ನು ಕ್ಲೀನರ್‌ನಿಂದ ಒತ್ತಿ ಒರೆಸಿ ಹಾಕಿದೆ. ಕಾಟಾದಿಂದ ಫೋನಿನಲ್ಲಿ ಓದಿದರು: −7.3. ಕಾರ್ಡನ್ನು ಎತ್ತಿದೆ, ಬಿಟ್ಟೆ. −7.3. ಎರಡೂ ದಿಕ್ಕಿನ ನಷ್ಟ ಈಗ ಒಂದೇ, 1.4. ಕಿಟಕಿಯಿಂದ ಮೊದಲ ಟ್ರ್ಯಾಕ್ಟರ್ ಕಾಟಾ ಏರುವುದು ಕಂಡಿತು. ನೆರಳಲ್ಲಿ ಕೂತಿದ್ದ ಯಜಮಾನರದು ಅದಲ್ಲ, ಅವರ ಪಾಳಿ ಬರಲು ಇನ್ನೂ ತಾಸುಗಟ್ಟಲೆ ಇತ್ತು.

ಹೊರಡುವ ಮುಂಚೆ ಹುಡುಗನನ್ನು ಕರೆದುಕೊಂಡು ಸ್ಟೋರಿಗೆ ಹೋದೆ. ಚೀಲ ಸುರುವಿ ಕೂತೆವು. "ತಮ್ಮಾ, ಬಣ್ಣ ನೋಡು, ಆದ್ರ ಬಣ್ಣಾನ ನಂಬಿ ಕೂಡಬ್ಯಾಡ, ಒರಸಿ ಅಕ್ಷರ ಓದು" ಅಂದೆ. ಹಳದಿ ಒಂದು ಕಡೆ, ಕಿತ್ತಳೆ ಮತ್ತು ತಿಳಿನೀಲಿ ಇನ್ನೊಂದು ಕಡೆ. ಎಸ್‌ಎಫ್‌ಪಿಯ ಕೊಂಡಿ ನೀಲಿ ಇದ್ದು ಲೇಬಲ್ ಮೇಲೆ 1310 ಇದ್ದರೆ ಹಳದಿ ಗುಂಪು, ಕೊಂಡಿ ಕಪ್ಪಿದ್ದು 850 ಇದ್ದರೆ ಇನ್ನೊಂದು ಗುಂಪು. ಅವನು ಮಾತಾಡದೆ ಒಂದೊಂದನ್ನೇ ಒರೆಸಿ, ಬೆಳಕಿಗೆ ಹಿಡಿದು ಓದಿ, ಇಡುತ್ತ ಹೋದ. ಹತ್ತು ಹನ್ನೆರಡು ಆದ ಮೇಲೆ ಒಂದನ್ನು ಹಿಡಿದು ಕೈ ನಿಲ್ಲಿಸಿದ.

"ಸರ, ಇದು ಹಳದಿ ಐತ್ರಿ. 9/125 ಅಂತನೂ ಐತಿ. ಆದ್ರ ಎಸ್‌ಸಿ ತಲಿ ಹಸರ ಐತ್ರಿ. ನಮ್ಮ ಪೆಟಗ್ಯಾಗಿಂದು ನೀಲಿ. ಇದನ್ನೂ ಹಾಕಿದ್ರ ಕುಂದರತೈತ್ರಿ ಅಲ್ಲಾ?"

ಕುಂದರತೈತಿ ಅಂದೆ. ಹಸಿರು ತಲೆಯ ಗಾಜನ್ನು 8 ಡಿಗ್ರಿ ಓರೆಯಾಗಿ ಸಾಣೆ ಹಿಡಿದಿರುತ್ತಾರೆ, ನೀಲಿಯದು ಓರೆ ಇಲ್ಲದ್ದು, ಎರಡನ್ನೂ ಎದುರುಬದುರು ಒತ್ತಿದರೆ ನಡುವೆ ಸಂದು ಉಳಿಯುತ್ತದೆ ಎಂದು ಎರಡು ಬೆರಳ ತುದಿ ಜೋಡಿಸಿ ತೋರಿಸಿದೆ. ಅವನು ತನ್ನ ಬೆರಳಲ್ಲೂ ಒಮ್ಮೆ ಮಾಡಿ ನೋಡಿದ. ಆಮೇಲೆ ಎದ್ದು ಹೋಗಿ ಮೂರನೆಯ ಚೀಲ ತಂದ.