ಸೊನ್ನೆ ತಪ್ಪಲ್ಲ, ಚುಕ್ಕೆ ತಪ್ಪು

«ಡ್ರಾಯಿಂಗ್‌ನಲ್ಲಿ ಪಾಯಿಂಟ್ ತಪ್ಪಾಗಿ ಓದಿದ್ರೆ ಇಡೀ ಬ್ಯಾಚ್ ಹೋಗುತ್ತಲ್ಲ, ಅದನ್ನ ಕಟಿಂಗ್‌ಗೆ ಮುಂಚೆನೇ ಹಿಡಿಯೋದು ಹೇಗೆ? ಐಟಿಐ ಮುಗಿಸಿ ಬಂದ ಹುಡುಗನ ಕೈಲಿ ಆಗುತ್ತಾ?»

ಆಗುತ್ತದೆ, ಕೂಡಿಸಿ ಕಳೆಯಲು ಬಂದರೆ ಸಾಕು. ಹೇಗೆಂದು ಒಂದು ಚಿಕ್ಕ ಕಥೆಯಲ್ಲೇ ಹೇಳುತ್ತೇನೆ.

ಪೀಣ್ಯದ ಒಂದು ಸಣ್ಣ ಶಾಪ್ ಅಂದುಕೊಳ್ಳಿ. ಕೆಲಸ 60 ಟೈ ರಾಡ್. 20 ಮಿ.ಮೀ. ವ್ಯಾಸದ ಸರಳು, ಎರಡೂ ತುದಿಗೆ 60 ಮಿ.ಮೀ. ಉದ್ದ ಎಂ20 ಥ್ರೆಡ್. ಸರಳು ಪಾರ್ಟಿಯವರದೇ, ಉಕ್ಕು ಯಾವ ಕುಲುಮೆ ಬ್ಯಾಚಿನದು ಎಂದು ಹೇಳುವ ಹೀಟ್ ನಂಬರ್ ಹೊಡೆದ 6 ಮೀಟರಿನ ಹನ್ನೆರಡು. ಡ್ರಾಯಿಂಗ್ ಮಾತ್ರ ಜೆರಾಕ್ಸಿನ ಜೆರಾಕ್ಸ್. ಒಟ್ಟು ಉದ್ದದ ಅಂಕಿಯ ನಡುವೆ ಒಂದು ಕಪ್ಪು ಚುಕ್ಕೆ. ಜಾಬ್ ಕಾರ್ಡ್ ಬರೆದವರು ಅದನ್ನು 102.5 ಎಂದು ಓದಿ, ಎರಡೂ ತುದಿಯನ್ನು ಲೇತ್‌ನಲ್ಲಿ ಸಮ ಮಾಡುವ ಫೇಸಿಂಗ್‌ಗೆ 3 ಮಿ.ಮೀ. ಸೇರಿಸಿ 105.5 ಎಂದು ಬರೆದರು. ಬ್ಯಾಂಡ್‌ಸಾ ನಡೆಸುವವರಿಗೆ ಬೇಕಾದದ್ದು ವ್ಯಾಸ, ಉದ್ದ, ಸಂಖ್ಯೆ ಮೂರೇ. ಡ್ರಾಯಿಂಗ್ ಅವರ ಕೈಗೆ ಬರುವುದೇ ಇಲ್ಲ.

ಆರು ಸರಳನ್ನು ಒಟ್ಟಿಗೆ ವೈಸಿನಲ್ಲಿ ಬಿಗಿದಾಗಿತ್ತು. ಸ್ಟಾಪರ್ ಸೆಟ್ ಮಾಡೋ ಅಂತ ಅಪ್ರೆಂಟಿಸ್ ಹುಡುಗನಿಗೆ ಹೇಳಿದರು. ಅವನು ಸ್ಕೇಲ್ ಹಿಡಿದವನು ನಿಂತುಬಿಟ್ಟ.

«ಅಣ್ಣಾ, ಥ್ರೆಡ್ ಎಷ್ಟುದ್ದ?»

«ಆ ಕಡೆ ಅರವತ್ತು, ಈ ಕಡೆ ಅರವತ್ತು. ಅದು ಲೇತ್‌ನವರ ತಲೆನೋವು, ನೀನು ಸ್ಟಾಪರ್ ಇಡು.»

«ಎರಡೂ ಸೇರಿ ನೂರಿಪ್ಪತ್ತಾಯ್ತಲ್ಲಣ್ಣ. ಪೀಸೇ ನೂರೈದೂವರೆ ಇದೆ.»

ಅಣ್ಣ ಮೆಷಿನ್ ಆಫ್ ಮಾಡಿ ಸೂಪರ್‌ವೈಸರನ್ನು ಕರೆದರು. ಅವರು ಡ್ರಾಯಿಂಗ್ ತಂದು ಬೆಳಕಿಗೆ ಹಿಡಿದರು. ಸರಳಿನ ನಡುವೆ ಬ್ರೇಕ್ ಲೈನ್ ಎಳೆದಿತ್ತು, ಅಂದರೆ ಉದ್ದ ಹಾಳೆಯಲ್ಲಿ ಹಿಡಿಸದೆ ನಡುವಿನ ಭಾಗ ಬಿಟ್ಟು ತೋರಿಸಿದ್ದರು. 102.5 ಮಿ.ಮೀ. ಪೀಸು ಎ4 ಹಾಳೆಯಲ್ಲೇ ಪೂರ್ತಿ ಅಳತೆಗೆ ಕೂರುತ್ತದೆ, ಅದನ್ನು ಯಾರೂ ನಡುವೆ ಮುರಿದು ತೋರಿಸುವುದಿಲ್ಲ. ಟೈಟಲ್ ಬ್ಲಾಕ್‌ನಲ್ಲಿ ತೂಕ 2.5 ಕೆಜಿ. ಇಲ್ಲಿ ಶಾಪಿನ ಹಳೆಯ ಲೆಕ್ಕ ಕೆಲಸಕ್ಕೆ ಬರುತ್ತದೆ: ಉಕ್ಕಿನ ದುಂಡು ಸರಳಿಗೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಎಂದು ಸಿಗುತ್ತದೆ. 400ನ್ನು 162ರಿಂದ ಭಾಗಿಸಿದರೆ 2.47. ಹಾಗಾದರೆ ಉದ್ದ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚೇ ಇರಬೇಕು. 102.5 ಆಗಿದ್ದರೆ ತೂಕ ಕಾಲು ಕೆಜಿಯಷ್ಟೆ. ಪಾರ್ಟಿಗೆ ಫೋನ್ ಮಾಡಿ ಮೂಲ ಪಿಡಿಎಫ್ ತರಿಸಿದಾಗ ಅಲ್ಲಿ 1025 ಎಂದಿತ್ತು, ಚುಕ್ಕೆ ಇರಲಿಲ್ಲ. ಕಥೆ ಇಷ್ಟೇ.

ಕತ್ತರಿಸಿಬಿಟ್ಟಿದ್ದರೆ? ನಷ್ಟ ಅರವತ್ತು ತುಂಡುಗಳದಷ್ಟೇ ಅಲ್ಲ. ಬ್ಲೇಡು ತಿನ್ನುವ ಒಂದೂವರೆ ಮಿ.ಮೀ. ಸೇರಿ ಒಂದು ಪೀಸಿಗೆ 107 ಮಿ.ಮೀ. ಆರು ಸರಳಿನ ಕಟ್ಟು, ಹತ್ತು ಕಟ್. ಅಂದರೆ ಆರೂ ಸರಳಿನಿಂದ ತಲಾ 1070 ಮಿ.ಮೀ. ಹೋಗಿ 4930 ಉಳಿಯುತ್ತದೆ. ಸರಿಯಾದ ರಾಡಿಗೆ ಫೇಸಿಂಗ್, ಬ್ಲೇಡು ಎಲ್ಲ ಸೇರಿ 1029.5 ಬೇಕು. ಐದು ಬರಬೇಕಿದ್ದ ಸರಳಿನಲ್ಲಿ ನಾಲ್ಕೇ ಬರುತ್ತದೆ. ಹನ್ನೆರಡರಿಂದ 60ರ ಬದಲು 54. ಕಡಿಮೆ ಬಿದ್ದ ಆರಕ್ಕೆ ಬಜಾರಿನಿಂದ ಬೇರೆ ಸರಳು ತಂದು ಸೇರಿಸುವಂತಿಲ್ಲ, ಹೀಟ್ ನಂಬರ್ ಬೇರೆಯಾಗುತ್ತದೆ.

ಮೊದಲ ಪೀಸ್ ಇನ್‌ಸ್ಪೆಕ್ಷನ್‌ನಲ್ಲಿ ಸಿಗುತ್ತಿತ್ತು ಅಂತ ಹಲವರು ಹೇಳುತ್ತಾರೆ. ಸಿಗುತ್ತಿರಲಿಲ್ಲ! ಕಟಿಂಗ್ ಹತ್ತಿರ ಅಳೆಯುವವರು ಜಾಬ್ ಕಾರ್ಡ್ ನೋಡಿಯೇ ಅಳೆಯುತ್ತಾರೆ. ಕಾರ್ಡಿನಲ್ಲಿ 105.5, ಪೀಸು 105.5, ಸಹಿ ಬಿತ್ತು. ಕಾರ್ಡ್ ತಪ್ಪಿದ್ದಾಗ ಅಳತೆ ಎಷ್ಟು ಸರಿಯಿದ್ದರೂ ಏನು ಬಂತು? ಅದಕ್ಕೇ ಕಟಿಂಗ್ ಕಾರ್ಡಿನ ಜೊತೆ ಡ್ರಾಯಿಂಗೂ ಹೋಗಬೇಕು, ಮೊದಲ ಪೀಸನ್ನು ಡ್ರಾಯಿಂಗ್ ಹಿಡಿದೇ ಅಳೆಯಬೇಕು.

ಅನುಮಾನ ಬಂದಾಗ ಡ್ರಾಯಿಂಗ್ ಮೇಲೆ ಸ್ಕೇಲ್ ಇಟ್ಟು ಅಳೆಯಬೇಡಿ. ಜೆರಾಕ್ಸ್ ಹಿಗ್ಗಿ ಕುಗ್ಗಿರುತ್ತದೆ, ಬ್ರೇಕ್ ಲೈನ್ ಇದ್ದರಂತೂ ಆ ಅಳತೆಗೆ ಅರ್ಥವೇ ಇಲ್ಲ. ಚುಕ್ಕೆಯನ್ನು ಬ್ಲೇಡಿನಲ್ಲಿ ಕೆರೆದು «ಸರಿ» ಮಾಡುವುದೂ ಬೇಡ. ನಾಳೆ ಇನ್ನೊಂದು ಹಾಳೆಯಲ್ಲಿ ಅದೇ ಜಾಗದಲ್ಲಿ ನಿಜವಾದ ಪಾಯಿಂಟೇ ಇರಬಹುದು.

ಈ ಲೆಕ್ಕಕ್ಕೂ ಮಿತಿಯಿದೆ. ತೂಕದ ಅಂಕಿಯಲ್ಲೂ ಒಂದು ಪಾಯಿಂಟ್ ಇದೆ, ಅದೂ ಅಳಿಸಿರಬಹುದು. ಹಾಗಾಗಿ ತೂಕವೊಂದನ್ನೇ ನಂಬದೆ ಥ್ರೆಡ್ಡಿನ ಮೊತ್ತ, ಬ್ರೇಕ್ ಲೈನ್ ಎರಡನ್ನೂ ಜೊತೆಗೆ ನೋಡಬೇಕು. ಥ್ರೆಡ್ಡಿಲ್ಲದ, ಮೆಟ್ಟಿಲಿಲ್ಲದ, ತೂಕ ಬರೆಯದ ಸಾದಾ ಪಿನ್ ಬಂದರೆ ಹೋಲಿಸಲು ಹಾಳೆಯಲ್ಲಿ ಇನ್ನೇನೂ ಇರುವುದಿಲ್ಲ. ಅಂಥದ್ದಕ್ಕೆ ಮೂಲ ಪಿಡಿಎಫ್ ಬರುವವರೆಗೆ ಬ್ಯಾಂಡ್‌ಸಾ ಆನ್ ಮಾಡಬಾರದು.