ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವ ಮೊದಲು

"ಸರ್, ನಮ್ಮ ಹುಡುಗನ್ನ ಸ್ಟೇಷನ್ನಲ್ಲಿ ಕೂರಿಸಿಕೊಂಡಿದ್ದಾರೆ, ಬಿಡ್ತಿಲ್ಲ. ಹೇಬಿಯಸ್ ಕಾರ್ಪಸ್ ಹಾಕಬಹುದಾ?"

ಹೇಬಿಯಸ್ ಕಾರ್ಪಸ್ ಅಂದರೆ ಅಕ್ರಮವಾಗಿ ಹಿಡಿದಿಟ್ಟವರನ್ನು ಕೋರ್ಟಿನ ಮುಂದೆ ತರಿಸಲು ಹಾಕುವ ಅರ್ಜಿ. ಅವನನ್ನು ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಿದ್ದಾರಾ? ನಾನು ಮೊದಲು ಕೇಳುವುದು ಇದನ್ನೇ. ಇಲ್ಲ ಅಂದರೆ ಹಾಕಬಹುದು. ಹಾಜರುಪಡಿಸಿ ರಿಮ್ಯಾಂಡ್ ಆಗಿದ್ದರೆ, ಅಂದರೆ ಮ್ಯಾಜಿಸ್ಟ್ರೇಟರೇ ಕಸ್ಟಡಿಗೆ ಕಳಿಸಿದ್ದರೆ, ಸಾಮಾನ್ಯವಾಗಿ ಈ ಅರ್ಜಿ ನಿಲ್ಲುವುದಿಲ್ಲ. ಆಗ ಜಾಮೀನಿನ ದಾರಿ ಹಿಡಿಯಬೇಕು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮದ್ದೂರಿನ ಹತ್ತಿರದ ಒಂದು ಹಳ್ಳಿ. ಮಂಗಳವಾರ ರಾತ್ರಿ 8ಕ್ಕೆ ಮಫ್ತಿಯಲ್ಲಿದ್ದ ಪೊಲೀಸರು ಹುಡುಗನನ್ನು ಜೀಪು ಹತ್ತಿಸುತ್ತಾರೆ. "ಕಳ್ಳತನದ ಕೇಸು, ಸುಮ್ನೆ ವಿಚಾರಿಸಿ ಕಳಿಸ್ತೀವಿ" ಅನ್ನುತ್ತಾರೆ. ಬುಧವಾರ ಅಪ್ಪ ಸ್ಟೇಷನ್ನಿಗೆ ಹೋದರೆ ಮಗ ಹಿಂದಿನ ಕೋಣೆಯಲ್ಲಿ ಕೂತಿದ್ದಾನೆ, ಆದರೆ ಬಂಧನದ ಒಂದು ಕಾಗದವೂ ಇಲ್ಲ. ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಒಯ್ಯಬೇಕು ಅಂತ ಸಂವಿಧಾನದ 22ನೇ ವಿಧಿ ಹೇಳುತ್ತದೆ. ಬುಧವಾರ ರಾತ್ರಿಗೆ ಆ ಗಡುವು ಮುಗಿಯಿತು.

ಇಲ್ಲಿ ಮನೆಯವರು ಜಾಸ್ತಿ ತಪ್ಪುವುದು ಒಂದೇ ಕಡೆ. ಪರಿಚಯದವರನ್ನು ಹಿಡಿದು ಫೋನ್ ಮಾಡಿಸುತ್ತಾ ಎರಡು ದಿನ ಕಳೆಯುತ್ತಾರೆ, ಬರವಣಿಗೆಯಲ್ಲಿ ಏನೂ ಇರುವುದಿಲ್ಲ. ಕರೆದುಕೊಂಡು ಹೋದ ಹೊತ್ತು, ಜಾಗ, ಗಾಡಿ ನಂಬರ್, ನೋಡಿದವರ ಹೆಸರು ಇಷ್ಟನ್ನೂ ಅಂದೇ ಬರೆದು ಎಸ್ಪಿಗೆ ಇಮೇಲ್ ಮಾಡಿ, ಸ್ಪೀಡ್ ಪೋಸ್ಟಿನಲ್ಲೂ ಕಳಿಸಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಅರ್ಜಿ ಹೋಗುವುದು ಬೆಂಗಳೂರಿನ ಹೈಕೋರ್ಟಿಗೆ, 226ನೇ ವಿಧಿಯಡಿ. ಮಂಡ್ಯದ ಕೋರ್ಟಿಗೆ ಈ ಅಧಿಕಾರ ಇಲ್ಲ. ಅಪ್ಪ, ಹೆಂಡತಿ, ಗೆಳೆಯ ಯಾರು ಬೇಕಾದರೂ ಅಫಿಡವಿಟ್ ಜೊತೆ ಹಾಕಬಹುದು. ವಕೀಲರು ತುರ್ತು ಅಂತ ಕೇಳಿದರೆ ಇಬ್ಬರು ನ್ಯಾಯಮೂರ್ತಿಗಳ ಪೀಠದ ಮುಂದೆ ಬೇಗ ಬರುತ್ತದೆ. ಹುಡುಗ ಎಲ್ಲಿ, ಯಾವ ಅಧಿಕಾರದ ಮೇಲೆ ಇಟ್ಟುಕೊಂಡಿದ್ದೀರಿ ಅಂತ ಸರ್ಕಾರಿ ವಕೀಲರು ಉತ್ತರಿಸಬೇಕಾಗುತ್ತದೆ.

ಅರ್ಜಿಯ ಸುದ್ದಿ ತಲುಪಿದ ಕೂಡಲೇ ಗುರುವಾರ ಬೆಳಿಗ್ಗೆ 10ಕ್ಕೆ ಬಂಧಿಸಿದ್ದಾಗಿ ಬರೆದುಕೊಂಡು ಅವನನ್ನು ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವುದೂ ಉಂಟು. ಆಗ ಹೈಕೋರ್ಟಿನ ಅರ್ಜಿ ಬಹುತೇಕ ಮುಗಿದಂತೆ. ಆದರೆ ನಿಮ್ಮ ಇಮೇಲ್ ಮಂಗಳವಾರ ರಾತ್ರಿಯ ಮಾತು ಹೇಳುತ್ತದೆ, ಅಲ್ವಾ? ನಿಜವಾಗಿ ಯಾವಾಗ ಹಿಡಿದರು, ಹೊಡೆದರಾ ಅಂತ ಹುಡುಗ ತನ್ನ ಬಾಯಿಂದಲೇ ಮ್ಯಾಜಿಸ್ಟ್ರೇಟ್‌ಗೆ ಹೇಳಲಿ. ಬಂಧನದ ಮೆಮೊದಲ್ಲಿರುವ ಹೊತ್ತು, ಸಾಕ್ಷಿಯ ಸಹಿ ನೋಡಿ. ಸ್ಟೇಷನ್ನಿನ ಸಿಸಿಟಿವಿ ದೃಶ್ಯ ಅಳಿಸದಂತೆ ಕಾಪಾಡಿಡಲು ವಕೀಲರಿಂದ ತಕ್ಷಣ ಅರ್ಜಿ ಹಾಕಿಸಿ.

ಮನೆ ಬಿಟ್ಟು ಮದುವೆಯಾದ ಮಗಳ ವಿಷಯಕ್ಕೂ ಕೆಲವರು ಬರುತ್ತಾರೆ. ವಯಸ್ಸಿಗೆ ಬಂದ ಹುಡುಗಿ "ನನ್ನಿಷ್ಟದಿಂದ ಬಂದಿದ್ದೇನೆ" ಅಂದರೆ ಕೋರ್ಟ್ ಅವಳನ್ನು ಅವಳಿಷ್ಟಕ್ಕೆ ಬಿಡುತ್ತದೆ. ಅದಕ್ಕೆ ಈ ಅರ್ಜಿ ಬಳಸಬೇಡಿ ಅಂತ ನಾನು ನೇರವಾಗಿ ಹೇಳುತ್ತೇನೆ.

ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ 15100ಕ್ಕೆ ಫೋನ್ ಮಾಡಿ, ಇಲ್ಲವೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಕಸ್ಟಡಿಯಲ್ಲಿರುವವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.