ಹದಿನಾಲ್ಕು ಸಾವಿರ ಜನ ನೋಡಿದ ಕೇಕ್

12 ಅಕ್ಟೋಬರ್ 2025, ಭಾನುವಾರ
ಬಿಜೈ, ಮಂಗಳೂರು

ಮಧ್ಯಾಹ್ನದೊಳಗೆ ಡೆಲಿವರಿ ಮುಗಿಯಿತು. ಕ್ರಿಸ್ಮಸ್ ಕೇಕಿಗೆ ಒಣದ್ರಾಕ್ಷಿ ನೆನೆಹಾಕಿಟ್ಟು, ಸೆಪ್ಟೆಂಬರಿನ ಆರ್ಡರ್ ಪುಸ್ತಕ ಹಿಡಿದು ಕೂತೆ. ಹೊಸಬರು ಫೋನ್ ಮಾಡಿದಾಗೆಲ್ಲ "ನನ್ನ ನಂಬರ್ ಎಲ್ಲಿ ಸಿಕ್ಕಿತು?" ಅಂತ ಕೇಳಿ ಬರೆದಿಟ್ಟಿದ್ದೆ.

ಒಟ್ಟು 31 ಆರ್ಡರ್. 19 ಹಳೇ ಗಿರಾಕಿಗಳದು, ಎಲ್ಲ ವಾಟ್ಸಾಪಿನಲ್ಲೇ. 10 ಜನ ಯಾರದೋ ಬರ್ತ್‌ಡೇಯಲ್ಲಿ ತಿಂದು ನಂಬರ್ ಕೇಳಿಕೊಂಡವರು. ಇನ್‌ಸ್ಟಾಗ್ರಾಮಿನಿಂದ ಬಂದದ್ದು ಎರಡೇ ಎರಡು.

ಹೊಟ್ಟೆ ಉರಿಯಿತು. ಆ ತಿಂಗಳು ನಾಲ್ಕು ರೀಲ್ ಮಾಡಿದ್ದೆ, ಒಂದೊಂದಕ್ಕೆ ಎರಡು ಗಂಟೆ. ಚಾಕೊಲೇಟ್ ಕೇಕಿನ ರೀಲಿಗೆ 14,000 ವ್ಯೂಸ್ ಬಂದಾಗ ಮಗಳು ಕುಣಿದಾಡಿದ್ದಳು. ಇವತ್ತು ಇನ್‌ಸೈಟ್ಸ್‌ನಲ್ಲಿ ನೋಡಿದವರ ಊರುಗಳ ಪಟ್ಟಿ ತೆಗೆದೆ. ಮೊದಲು ಬೆಂಗಳೂರು, ಆಮೇಲೆ ಮುಂಬೈ. ಮಂಗಳೂರು ನಾಲ್ಕನೆಯದು. ನನ್ನ ಕ್ರೀಮ್ ಕೇಕ್ ಈ ಸೆಕೆಗೆ ಸ್ಕೂಟರಿನಲ್ಲಿ ಅರ್ಧ ಗಂಟೆ ತಡೆದರೆ ಪುಣ್ಯ. ಕದ್ರಿ, ಮಣ್ಣಗುಡ್ಡೆ, ಹೆಚ್ಚೆಂದರೆ ಕಂಕನಾಡಿ. ಬೆಂಗಳೂರಿನವರ ಲೈಕ್ ಇಟ್ಟುಕೊಂಡು ಎಂತ ಮಾಡುದು?

ಹಾಗಾಗಿ ಇನ್ನು ವಾಟ್ಸಾಪ್ ಬಿಸಿನೆಸ್ಸೇ ನನ್ನ ಅಂಗಡಿ. ಆದರೆ ಅಲ್ಲೂ ಒಮ್ಮೆ ಎಡವಿದ್ದೇನೆ. ಆಗಸ್ಟಿನಲ್ಲಿ 212 ಗಿರಾಕಿಗಳ ನಂಬರ್ ನನ್ನ ಫೋನಿನಲ್ಲಿತ್ತು. ಸ್ಟೇಟಸ್ ಹಾಕಿದರೆ ನೋಡಿದವರು 38. ಜನಕ್ಕೆ ಬೇಜಾರಾಗಿದೆ ಅಂದುಕೊಂಡೆ. ಅದಲ್ಲ ವಿಷಯ. ನಾನು ಅವರ ನಂಬರ್ ಸೇವ್ ಮಾಡಿದರೆ ಸಾಲದು, ಅವರೂ ನನ್ನದನ್ನು ಸೇವ್ ಮಾಡಿರಬೇಕು. ಇಲ್ಲದಿದ್ದರೆ ಸ್ಟೇಟಸ್ ಅವರಿಗೆ ಕಾಣುವುದೇ ಇಲ್ಲ. ಬ್ರಾಡ್‌ಕಾಸ್ಟ್ ಲಿಸ್ಟ್‌ನ ಕಥೆಯೂ ಅದೇ, ಸೇವ್ ಮಾಡದವರಿಗೆ ಮೆಸೇಜ್ ಮುಟ್ಟುವುದಿಲ್ಲ.

ಆಮೇಲೆ ಬಾಕ್ಸ್ ಕೊಡುವಾಗಲೇ ಹೇಳತೊಡಗಿದೆ: "ಅಕ್ಕಾ, ನನ್ನ ನಂಬರ್ ಈಗಲೇ ಸೇವ್ ಮಾಡಿ, ಶುಕ್ರವಾರ ಸ್ಟೇಟಸ್‌ನಲ್ಲಿ ಆ ವಾರದ ಕೇಕ್ ಹಾಕ್ತೇನೆ." ಬಾಗಿಲಲ್ಲೇ ನಿಂತು ಹೇಳಿದರೆ ಹೆಚ್ಚಿನವರು ಮಾಡಿಯೇ ಬಿಡುತ್ತಾರೆ. ಬಾಕ್ಸಿಗೆ ಅಂಟಿಸಿದ ಚೀಟಿ ಓದಿ ಮಾಡಿದವರು ಕಡಿಮೆ. ಮೊನ್ನೆ ಶುಕ್ರವಾರ 97 ಜನ ನೋಡಿದ್ದರು. ಸ್ಟೇಟಸ್ 24 ಗಂಟೆ ಮಾತ್ರ ಇರುತ್ತದಲ್ಲ, ಅದು ನನಗೆ ಒಳ್ಳೆಯದೇ ಆಯಿತು. ಶುಕ್ರವಾರ ರಾತ್ರಿ ಎಂಟಕ್ಕೆ "ಭಾನುವಾರಕ್ಕೆ ಬಾಳೆಹಣ್ಣಿನ ಕೇಕ್, 8 ಮಾತ್ರ" ಅಂತ ಹಾಕಿದೆ. ಶನಿವಾರ ಹನ್ನೊಂದು ಗಂಟೆಗೆ ಎಂಟೂ ಹೋಗಿತ್ತು. ಫೋಟೋ ತೆಗೆದು ಹಾಕಲು ಹಿಡಿದದ್ದು ಐದು ನಿಮಿಷ.

ಇನ್‌ಸ್ಟಾಗ್ರಾಮ್ ಮುಚ್ಚುವುದಿಲ್ಲ. ಹೊಸಬರು ಆರ್ಡರ್ ಕೊಡುವ ಮೊದಲು ಒಮ್ಮೆ ಅಲ್ಲಿ ಇಣುಕಿ ನೋಡುತ್ತಾರೆ. ಚೆನ್ನಾಗಿ ಬಂದ ಮೂರು ಕೇಕಿನ ಫೋಟೋ ಮೇಲೆ ಪಿನ್ ಮಾಡಿದೆ. ಬಯೋದಲ್ಲಿ "ಮಂಗಳೂರು ಮಾತ್ರ" ಅಂತ ಬರೆದು, ಕೆಳಗೆ `wa.me/91` ಮತ್ತು ನನ್ನ ಹತ್ತಂಕಿಯ ನಂಬರ್ ಸೇರಿಸಿ ಲಿಂಕ್ ಕೊಟ್ಟೆ. ಒತ್ತಿದರೆ ಸೀದಾ ಚಾಟ್.

ರೇಟ್ ಟೈಪ್ ಮಾಡಿ ಮಾಡಿ ಬೆರಳು ನೋಯುತ್ತಿತ್ತು, ಆರು ಕೇಕ್ ರೇಟ್ ಸಮೇತ ವಾಟ್ಸಾಪಿನ ಕ್ಯಾಟಲಾಗಿಗೆ ಹಾಕಿದೆ. ಅಷ್ಟರಲ್ಲಿ ಬೆಂದೂರ್‌ವೆಲ್‌ನಿಂದ ಒಬ್ಬರ ಮೆಸೇಜ್: "ಮೊಟ್ಟೆ ಹಾಕದ್ದು ಉಂಟಾ?" ಉಂಟು, ಕ್ಯಾಟಲಾಗಿನಲ್ಲಿ ಹಾಕಲು ಮರೆತಿದ್ದೆ.